ನಾಲ್ಕು ವರ್ಷದ ಯೋಜನೆಗೆ ಬೆಲೆ ಏರಿಕೆಯ ಹಣ ಎಷ್ಟು ಇಡಬೇಕು? ಒಂದು ನೀರಿನ ಯೋಜನೆಯಲ್ಲಿ ನಾನು ಕಂಡದ್ದು

ಉತ್ತರ ಕರ್ನಾಟಕದ ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ತಯಾರಿಸುವ ತಂಡದಲ್ಲಿ ನಾನಿದ್ದೆ. ವೆಚ್ಚದ ಭಾಗ ನನ್ನದು. ಹೊಳೆಯಲ್ಲಿ ನೀರೆತ್ತುವ ಜಾಕ್‌ವೆಲ್, ಅಲ್ಲಿಂದ ಶುದ್ಧೀಕರಣ ಘಟಕ, ಆಮೇಲೆ ಹತ್ತಾರು ಹಳ್ಳಿಗಳಿಗೆ ಪೈಪ್‌ಲೈನ್, ಹಳ್ಳಿಗೊಂದು ಓವರ್‌ಹೆಡ್ ಟ್ಯಾಂಕ್. ಶುರು ಮಾಡಿದ್ದು 2019ರಲ್ಲಿ. ಯೋಜನೆಯ ನಿಜವಾದ ಮೊತ್ತ ಬೇರೆ ಇತ್ತು. ಇಲ್ಲಿ ಲೆಕ್ಕ ಸುಲಭವಾಗಲಿ ಅಂತ ಅದನ್ನು 100 ಕೋಟಿ ಎಂದು ಇಟ್ಟುಕೊಳ್ಳುತ್ತೇನೆ, ಮಿಕ್ಕ ಅಂಕಿಗಳನ್ನೂ ಅದೇ ಅಳತೆಗೆ ಇಳಿಸಿದ್ದೇನೆ.

ಈ 100 ಕೋಟಿ ಅಂದರೆ ಏನು ಅನ್ನುವುದನ್ನು ಮೊದಲು ಹೇಳಬೇಕು. ಪ್ರತಿ ಐಟಂನ ಪ್ರಮಾಣವನ್ನು ಆಗಿನ ಎಸ್‌ಆರ್ ದರದಿಂದ, ಅಂದರೆ ಇಲಾಖೆಯ ದರಪಟ್ಟಿಯ ದರದಿಂದ, ಗುಣಿಸಿ ಕೂಡಿದರೆ ಬರುವ ಮೊತ್ತ ಅದು. ಅಂದರೆ ಇಡೀ ಯೋಜನೆಯನ್ನು 2019ರ ಏಪ್ರಿಲ್ ತಿಂಗಳ ಒಂದೇ ದಿನದಲ್ಲಿ ಕಟ್ಟಿ ಮುಗಿಸಿದರೆ ಆಗುವ ಖರ್ಚು. ಹಾಗೆ ಯಾರೂ ಕಟ್ಟುವುದಿಲ್ಲ, ನಮ್ಮದು ನಾಲ್ಕು ಹಣಕಾಸು ವರ್ಷದ ಕೆಲಸ. ಕೊನೆಯ ಟ್ಯಾಂಕಿನ ಕಾಂಕ್ರೀಟ್‌ಗೆ ದುಡ್ಡು ಕೊಡುವ ಹೊತ್ತಿಗೆ 2022-23 ಆಗಿರುತ್ತದೆ. ಆ ನಡುವಿನ ಏರಿಕೆಗೆ ಎಷ್ಟು ಇಡಬೇಕು ಅನ್ನೋದೇ ಪ್ರಶ್ನೆ.

ನನ್ನ ಮುಂದೆ ಆಗಲೇ ಎರಡು ಉತ್ತರಗಳಿದ್ದವು. ಹಳೆಯ ಎಸ್ಟಿಮೇಟ್‌ಗಳಲ್ಲಿ ಕೊನೆಯ ಸಾಲಿಗೆ 5% ಸೇರಿಸಿ ಮುಗಿಸಿದ್ದರು, ಅಂದರೆ 5 ಕೋಟಿ. ಇನ್ನೊಬ್ಬ ಎಂಜಿನಿಯರ್ ವರ್ಷಕ್ಕೆ 5%, ನಾಲ್ಕು ವರ್ಷಕ್ಕೆ 20%, ಹಾಗಾಗಿ 20 ಕೋಟಿ ಇಡಿ ಅಂದರು. ಎರಡೂ ತಪ್ಪು. ಮೊದಲನೆಯದು ಎಲ್ಲಾ ದುಡ್ಡೂ ಒಂದೇ ವರ್ಷದೊಳಗೆ ಹೋಗುತ್ತದೆ ಎಂದುಕೊಳ್ಳುತ್ತದೆ. ಎರಡನೆಯದು ಎಲ್ಲಾ ದುಡ್ಡೂ ಕೊನೆಯ ದಿನ ಹೋಗುತ್ತದೆ ಎಂದುಕೊಳ್ಳುತ್ತದೆ.

ಸರಿಯಾದ ಲೆಕ್ಕಕ್ಕೆ ಬೇಕಾಗಿದ್ದು ಕೆಲಸದ ವೇಳಾಪಟ್ಟಿ. ಯಾವ ವರ್ಷ ಎಷ್ಟು ಕೆಲಸ ಆಗುತ್ತೆ ಅಂತ ಕಾರ್ಯಪಾಲಕ ಎಂಜಿನಿಯರ್ ಜೊತೆ ಕೂತು ಹಂಚಿದೆವು. ಮೊದಲ ವರ್ಷ ಸರ್ವೆ, ಟೆಂಡರ್, ಜಾಗ ಪಡೆಯುವುದು, ಹಾಗಾಗಿ 5 ಕೋಟಿ ಮಾತ್ರ. ಎರಡನೇ ವರ್ಷ ಪೈಪ್ ಬರುತ್ತದೆ, 30 ಕೋಟಿ. ಮೂರನೇ ವರ್ಷ ಜೋರು ಕೆಲಸ, 40 ಕೋಟಿ. ನಾಲ್ಕನೇ ವರ್ಷ ಪಂಪು, ಟ್ಯಾಂಕು, ಟ್ರಯಲ್ ರನ್, 25 ಕೋಟಿ. ಇದೆಲ್ಲ 2019ರ ದರದಲ್ಲಿ. ವರ್ಷದ ಖರ್ಚು ಏಪ್ರಿಲ್‌ನಲ್ಲೂ ಆಗುತ್ತದೆ, ಮಾರ್ಚ್‌ನಲ್ಲೂ ಆಗುತ್ತದೆ, ಆದ್ದರಿಂದ ಎಲ್ಲವೂ ವರ್ಷದ ನಡುಭಾಗದಲ್ಲಿ ಆಯಿತು ಎಂದು ಹಿಡಿಯುತ್ತೇವೆ. ಮೊದಲ ವರ್ಷದ ಹಣಕ್ಕೆ ಅರ್ಧ ವರ್ಷದ ಏರಿಕೆ, ಎರಡನೆಯದಕ್ಕೆ ಒಂದೂವರೆ ವರ್ಷ, ಹೀಗೆ. ಏರಿಕೆ ವರ್ಷಕ್ಕೆ 5% ಎಂದರೆ:

```
2019-20 :   5 × (1.05^0.5 − 1) =  0.12
2020-21 :  30 × (1.05^1.5 − 1) =  2.28
2021-22 :  40 × (1.05^2.5 − 1) =  5.19
2022-23 :  25 × (1.05^3.5 − 1) =  4.66
                         ಒಟ್ಟು = 12.25
```

ಅಂದರೆ 12 ಕೋಟಿ 25 ಲಕ್ಷ. 5 ಕೋಟಿಯೂ ಅಲ್ಲ, 20 ಕೋಟಿಯೂ ಅಲ್ಲ. ಇದರ ಜೊತೆಗೆ ಪ್ರಮಾಣ ಹೆಚ್ಚಾದರೆ ಇರಲಿ ಅಂತ ಇಟ್ಟ ಬೇರೆ 5 ಕೋಟಿ ಕಂಟಿಂಜೆನ್ಸಿ ಇತ್ತು. ಬಂಡೆ ಸಿಕ್ಕರೆ, ಪೈಪ್ ದಾರಿ ಬದಲಾದರೆ, ಅಂಥದ್ದಕ್ಕೆ. ಆ 5 ಕೋಟಿಗೂ ಬೆಲೆ ಏರುತ್ತದೆ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. 2022ರಲ್ಲಿ ಸಿಗುವ ಬಂಡೆಯನ್ನು 2019ರ ದರದಲ್ಲಿ ಯಾರೂ ಒಡೆದು ಕೊಡುವುದಿಲ್ಲ. ಹಾಗಾಗಿ ಅದರ ಮೇಲೂ ಅದೇ ಅನುಪಾತದಲ್ಲಿ ಸುಮಾರು 61 ಲಕ್ಷ ಸೇರಿಸಿದೆ.

ಜಾಗದ ಹಣವನ್ನು ಈ ಲೆಕ್ಕಕ್ಕೆ ತರಲಿಲ್ಲ. ಅದಕ್ಕೆ ಕಾನೂನೇ ಬೇರೆ ದರ ಹಾಕಿದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆ ಬಂದ ದಿನದಿಂದ ಐತೀರ್ಪು ಆಗುವವರೆಗೆ ಅಥವಾ ಜಾಗ ಕೈಗೆ ಬರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ 12% ಹೆಚ್ಚುವರಿ ಕೊಡಬೇಕು. ಇದನ್ನು ಸಿಮೆಂಟಿನ 5% ಜೊತೆ ಬೆರೆಸಿದರೆ ಎರಡೂ ಹಾಳು.

ಇನ್ನು ಆ 5% ಎಲ್ಲಿಂದ ಬಂತು? ಇದರ ಮೇಲೆಯೇ ದೊಡ್ಡ ವಾದ ನಡೆಯಿತು. ಲೆಕ್ಕಪತ್ರ ನೋಡುವ ಅಧಿಕಾರಿಯೊಬ್ಬರು ಸಗಟು ಬೆಲೆ ಸೂಚ್ಯಂಕದ ಹಿಂದಿನ ನಾಲ್ಕೈದು ವರ್ಷದ ಹಾಳೆ ಹಿಡಿದು ಕೂತಿದ್ದರು. "ನೋಡ್ರಿ, ಸರಾಸರಿ ಎರಡು ಪರ್ಸೆಂಟೂ ಇಲ್ಲ. ನೀವು ಐದು ಯಾಕ ಹಾಕೀರಿ?" ಅವರ ಹಾಳೆ ಸುಳ್ಳಲ್ಲ. 2015-16ರಲ್ಲಿ ಸಗಟು ಬೆಲೆ ವರ್ಷಪೂರ್ತಿ ಇಳಿದಿತ್ತು, ಕಚ್ಚಾತೈಲ ಕುಸಿದಿದ್ದ ಕಾಲ ಅದು. ಆ ಒಂದು ವರ್ಷ ಕೂಡಿದರೆ ಸರಾಸರಿ ಪೂರಾ ಕೆಳಗೆ ಬರುತ್ತದೆ. ನಾನು ಹೇಳಿದ್ದು ಎರಡೇ ಮಾತು. ಒಂದು, ನಾಲ್ಕು ವರ್ಷ ಮುಂದೆ ನೋಡಬೇಕಾದರೆ ಕನಿಷ್ಠ ಹತ್ತು ವರ್ಷ ಹಿಂದೆ ನೋಡಿ, ಒಂದು ಇಳಿತವೂ ಒಂದು ಏರಿಕೆಯೂ ಅದರಲ್ಲಿ ಇರಲಿ. ಎರಡು, ಎಲ್ಲಾ ಸರಕಿನ ಸೂಚ್ಯಂಕದಲ್ಲಿ ಈರುಳ್ಳಿಯೂ ಇದೆ, ಬಟ್ಟೆಯೂ ಇದೆ. ನಮ್ಮ ಯೋಜನೆಯಲ್ಲಿ ಹತ್ತಿರ ಹತ್ತಿರ ಅರ್ಧ ದುಡ್ಡು ಪೈಪಿಗೆ ಹೋಗುತ್ತದೆ. ಕಬ್ಬಿಣದ ಡಿಐ ಪೈಪಿನ ಬೆಲೆ ಕಬ್ಬಿಣ ಮತ್ತು ಕೋಕಿನ ಹಿಂದೆ ಹೋಗುತ್ತದೆ, ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪಿನ ಬೆಲೆ ಕಚ್ಚಾತೈಲದ ಹಿಂದೆ. ಕೂಲಿ ಇವೆರಡನ್ನೂ ಕೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, ಸಗಟು ಬೆಲೆ ಇಳಿದ ವರ್ಷವೂ ಅದು ಇಳಿಯಲ್ಲ. ಹಾಗಾಗಿ ಪೈಪು, ಸಿಮೆಂಟು-ಸ್ಟೀಲು, ಕೂಲಿ, ಯಂತ್ರ, ಡೀಸೆಲ್ ಅಂತ ಒಡೆದು, ಒಂದೊಂದರದ್ದೂ ಹತ್ತು ವರ್ಷದ ಏರಿಕೆ ನೋಡಿ, ಪಾಲಿಗೆ ತಕ್ಕಂತೆ ತೂಗಿದರೆ 5%ರ ಹತ್ತಿರ ಬಂತು. ಆ ಹಾಳೆಯನ್ನು ಡಿಪಿಆರ್‌ಗೆ ಲಗತ್ತಿಸಿದೆವು. ಅಧಿಕಾರಿ ಒಪ್ಪಿದರು. ಬೆಂಗಳೂರಿನಲ್ಲಿ ಕಡತ ನೋಡಿದವರೂ ಆ ಹಾಳೆ ಇದ್ದುದರಿಂದಲೇ ಕತ್ತರಿ ಹಾಕಲಿಲ್ಲ.

ಈಗ ಟೆಂಡರ್. ಬಜೆಟ್ಟಿನ ಏರಿಕೆ ಹಣಕ್ಕೂ ಗುತ್ತಿಗೆಯ ಷರತ್ತಿಗೂ ಸಂಬಂಧ ಏನು ಅಂತ ನನ್ನನ್ನು ಕಿರಿಯರು ಯಾವಾಗಲೂ ಕೇಳುತ್ತಾರೆ. ಸಂಬಂಧ ತುಂಬಾ ಇದೆ. ಎಸ್ಟಿಮೇಟ್ ದಿನದಿಂದ ಟೆಂಡರ್ ದಿನದವರೆಗಿನ ಏರಿಕೆ ಗುತ್ತಿಗೆದಾರನ ಕೋಟ್‌ನಲ್ಲೇ ಬರುತ್ತದೆ. ನಮಗದು ಟೆಂಡರ್ ಪ್ರೀಮಿಯಂ ಆಗಿ ಕಾಣುತ್ತದೆ, "ಎಂಟು ಪರ್ಸೆಂಟ್ ಜಾಸ್ತಿ ಕೇಳ್ತಿದಾನೆ" ಅಂತ ಜನ ಸಿಟ್ಟಾಗುತ್ತಾರೆ, ಆದರೆ ಅದರಲ್ಲಿ ಮೂರು ನಾಲ್ಕು ಪರ್ಸೆಂಟ್ ಬರೀ ಕಾಲ ಕಳೆದದ್ದಕ್ಕೆ. ಅದಕ್ಕೇ ಬಂದ ದರವನ್ನು ಹಳೆಯ ಎಸ್ಟಿಮೇಟ್ ಜೊತೆ ಅಲ್ಲ, ಟೆಂಡರ್ ಹೊತ್ತಿನ ಚಾಲ್ತಿ ದರದ ಜೊತೆ ಹೋಲಿಸಬೇಕು. ಟೆಂಡರ್ ದಿನದಿಂದ ಮುಂದಿನ ಏರಿಕೆ ಪ್ರೈಸ್ ಅಡ್ಜಸ್ಟ್‌ಮೆಂಟ್ ಷರತ್ತಿನಲ್ಲಿ ಬರುತ್ತದೆ, ಷರತ್ತು ಇದ್ದರೆ. ನಮ್ಮ ದೊಡ್ಡ ಪ್ಯಾಕೇಜಿನಲ್ಲಿ ಇದ್ದ ಸೂತ್ರ ಇದು:

```
V = 0.85 × (P/100) × R × (I1 − I0) / I0
```

P ಅಂದರೆ ಆ ಸರಕಿನ ಶೇಕಡಾ ಪಾಲು, R ಅಂದರೆ ಆ ತ್ರೈಮಾಸಿಕದಲ್ಲಿ ಆದ ಕೆಲಸದ ಮೊತ್ತ, I0 ಟೆಂಡರ್ ಹೊತ್ತಿನ ಸೂಚ್ಯಂಕ, I1 ಆ ತ್ರೈಮಾಸಿಕದ ಸೂಚ್ಯಂಕ. 4 ಕೋಟಿ ಬಿಲ್ಲು, ಪೈಪಿನ ಪಾಲು 45, ಸೂಚ್ಯಂಕ 120ರಿಂದ 150ಕ್ಕೆ ಹೋಗಿದೆ ಎಂದು ಹಿಡಿಯಿರಿ. ಏರಿಕೆ ಕಾಲುಭಾಗ. ಪೈಪಿನ ಬಾಬ್ತು ಕೊಡಬೇಕಾದದ್ದು 38 ಲಕ್ಷ 25 ಸಾವಿರ. ಮುಂದಿನ 0.85 ಗಮನಿಸಿ. 15% ಭಾಗಕ್ಕೆ ಏರಿಕೆ ಕೊಡುವುದಿಲ್ಲ, ಅದು ಗುತ್ತಿಗೆದಾರನ ತಲೆಗೆ. ಅದನ್ನು ಅವನು ಕೋಟ್ ಮಾಡುವಾಗಲೇ ಸೇರಿಸಿರುತ್ತಾನೆ.

ಚಿಕ್ಕ ಪ್ಯಾಕೇಜುಗಳ ಕಥೆ ಬೇರೆ. ಟ್ಯಾಂಕುಗಳನ್ನು ಹಳ್ಳಿಗಳ ಗುಂಪು ಮಾಡಿ, ಒಂದು ವರ್ಷದೊಳಗಿನ ಕೆಲಸ ಅಂತ ತೋರಿಸಿ, ಏರಿಕೆ ಷರತ್ತೇ ಇಲ್ಲದೆ ಸ್ಥಿರ ದರದಲ್ಲಿ ಕೊಟ್ಟರು. ಇಲಾಖೆಗೆ ಇದು ಉಳಿತಾಯದಂತೆ ಕಂಡಿತು. ಬೆಲೆ ಹೆಚ್ಚುಕಮ್ಮಿ ಇಲ್ಲದ ಕಾಲದಲ್ಲಿ ಇದು ನಡೆಯುತ್ತದೆ ಕೂಡ.

ದೊಡ್ಡ ಪ್ಯಾಕೇಜಿನ ಟೆಂಡರ್ ತೆರೆದದ್ದು 2020ರ ಜನವರಿಯಲ್ಲಿ. ಮಾರ್ಚ್‌ನಲ್ಲಿ ಲಾಕ್‌ಡೌನ್. ಕೂಲಿಯವರು ಊರಿಗೆ ಹೋದರು, ಪೈಪ್ ಕಾರ್ಖಾನೆ ನಿಂತಿತು, ಆಮೇಲೆ ಮಳೆಗಾಲ. ಒಂದು ಇಡೀ ಹಣಕಾಸು ವರ್ಷ ಕೆಲಸ ಹೆಚ್ಚೇನೂ ಆಗಲೇ ಇಲ್ಲ. 30 ಕೋಟಿಯ ವರ್ಷ ಹಾಗೇ ಮುಂದಕ್ಕೆ ಹೋಯಿತು.

ನನಗೆ ಇಂದಿಗೂ ಬೇಜಾರು ತರುವ ಭಾಗ ಇಲ್ಲಿಂದ ಶುರು. 2021ರ ಆರಂಭದ ಒಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಯಾರೋ ಬಜೆಟ್ ಹಾಳೆ ನೋಡಿ, ಬೆಲೆ ಏರಿಕೆ ಶೀರ್ಷಿಕೆಯಲ್ಲಿ 12 ಕೋಟಿ ಸುಮ್ನೆ ಬಿದ್ದಿದೆ, ಒಂದು ರೂಪಾಯಿಯೂ ಸರಿಯಾಗಿ ಖರ್ಚಾಗಿಲ್ಲ ಅಂದರು. ಪಕ್ಕದ ಕೆಲವು ಹಳ್ಳಿಗಳು ಯೋಜನೆಗೆ ಸೇರಿಸಿ ಅಂತ ಕೇಳುತ್ತಲೇ ಇದ್ದವು. ಅವರಿಗೂ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಶೀರ್ಷಿಕೆಯಿಂದ 3 ಕೋಟಿ ತೆಗೆದು ಕವಲು ಪೈಪ್‌ಲೈನಿಗೆ ಕೊಡೋಣ ಎಂದು ತೀರ್ಮಾನ ಆಯಿತು.

ನಾನು ಆಗ ಮತ್ತೆ ಲೆಕ್ಕ ಮಾಡಿ ಕೊಟ್ಟೆ. ದರ ಅದೇ 5%, ಕೆಲಸ ಅದೇ 100 ಕೋಟಿ. ಬದಲಾದದ್ದು ಇಷ್ಟೇ, ಮೊದಲ 5 ಕೋಟಿ ಬಿಟ್ಟು ಮಿಕ್ಕಿದ್ದೆಲ್ಲ ಒಂದು ವರ್ಷ ಮುಂದಕ್ಕೆ.

```
2019-20 :   5 × (1.05^0.5 − 1) =  0.12
2021-22 :  30 × (1.05^2.5 − 1) =  3.89
2022-23 :  40 × (1.05^3.5 − 1) =  7.45
2023-24 :  25 × (1.05^4.5 − 1) =  6.14
                         ಒಟ್ಟು = 17.60
```

ಬೆಲೆ ಒಂದು ಪೈಸೆಯೂ ಅಂದುಕೊಂಡದ್ದಕ್ಕಿಂತ ಜೋರಾಗಿ ಏರದೆ, ಬರೀ ಒಂದು ವರ್ಷದ ತಡದಿಂದ 5 ಕೋಟಿ 35 ಲಕ್ಷ ಜಾಸ್ತಿ ಬೇಕು. ಅಂದರೆ ಆ ಸಭೆಯ ದಿನ ಶೀರ್ಷಿಕೆಯಲ್ಲಿ ಹೆಚ್ಚುವರಿ ಇರಲಿಲ್ಲ, ಆಗಲೇ 5 ಕೋಟಿ ಚಿಲ್ಲರೆ ಕಡಿಮೆ ಇತ್ತು. ಅದರಿಂದ ಇನ್ನೂ 3 ಕೋಟಿ ತೆಗೆದರೆ ಕೊರತೆ 8 ಕೋಟಿ ದಾಟುತ್ತದೆ. ಇದನ್ನು ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅಂದರೆ ನಮ್ಮ ಎಇಇ ಸರ್‌ಗೆ ತೋರಿಸಿದಾಗ ಅವರು ಹಾಳೆ ಎರಡು ಸಲ ಓದಿ, "ಅಲ್ರೀ, ಖರ್ಚಾಗದ ದುಡ್ಡು ಕೊರತೆ ಹೆಂಗಾಗತೈತಿ, ಸಭೆಯಾಗ ಹೆಂಗ ಹೇಳೂದು?" ಅಂದರು. ಅವರ ಕಷ್ಟ ನನಗೆ ಅರ್ಥವಾಯಿತು. ಅವರು ಹೇಳಿದರು ಕೂಡ. ಆದರೆ ಆ ಹೊತ್ತಿಗೆ ಹಳ್ಳಿಗಳಿಗೆ ಮಾತು ಕೊಟ್ಟಾಗಿತ್ತು.

ಈ ಶೀರ್ಷಿಕೆ ಖರ್ಚಾಗುವ ರೀತಿ ಬೇರೆ ಶೀರ್ಷಿಕೆಗಳ ಹಾಗಲ್ಲ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಮೊದಲ ಪಟ್ಟಿ ನೋಡಿ. ಎರಡು ವರ್ಷ ಮುಗಿದಾಗ ಕೆಲಸ 35% ಆಗಿರಬೇಕು. ಏರಿಕೆಯ ಹಣದಲ್ಲಿ ಖರ್ಚಾಗಬೇಕಾದದ್ದು 2.40 ಕೋಟಿ, ಅಂದರೆ 20%ಕ್ಕಿಂತ ಸ್ವಲ್ಪ ಕಮ್ಮಿ. ಮಿಕ್ಕ 80% ಕೊನೆಯ ಎರಡು ವರ್ಷಕ್ಕೆ. ಕೆಲಸ 35%, ಏರಿಕೆ ಖರ್ಚು 35% ಅಂತ ವರದಿ ಬಂದರೆ ಎಲ್ಲಾ ಸರಿಯಾಗಿದೆ ಅನಿಸುತ್ತದೆ, ನಿಜಕ್ಕೂ ಆ ಯೋಜನೆ ಆಗಲೇ ಕೆಟ್ಟ ಸ್ಥಿತಿಯಲ್ಲಿದೆ. ನಾನು ಈಗ ಪ್ರತಿ ತ್ರೈಮಾಸಿಕ ಒಂದೇ ಪ್ರಶ್ನೆ ಕೇಳುತ್ತೇನೆ: ಉಳಿದ ಕೆಲಸವನ್ನು ಇವತ್ತಿನ ಸೂಚ್ಯಂಕದಿಂದ ಹೊಸ ವೇಳಾಪಟ್ಟಿಯ ಕೊನೆಯವರೆಗೆ ಒಯ್ದರೆ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ? ಎಷ್ಟು ಖರ್ಚಾಯಿತು ಅನ್ನೋ ಅಂಕಿಯಿಂದ ಇದು ಗೊತ್ತಾಗುವುದಿಲ್ಲ.

ಆಮೇಲೆ ಬೆಲೆ ಜೋರಾಗಿಯೇ ಏರಿತು. 2021ರ ಏಪ್ರಿಲ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಸತತ 18 ತಿಂಗಳು ಸಗಟು ಹಣದುಬ್ಬರ ಎರಡಂಕಿಯಲ್ಲಿತ್ತು. ಎಲ್ಲಾ ಸರಕಿನ ಸೂಚ್ಯಂಕ 2020ರ ಜನವರಿಯಲ್ಲಿ 123ರ ಆಸುಪಾಸು ಇದ್ದದ್ದು 2022ರ ಮೇ ಹೊತ್ತಿಗೆ 155ರ ಹತ್ತಿರ ಹೋಯಿತು, ಕಾಲುಭಾಗದಷ್ಟು ಏರಿಕೆ. ನಮ್ಮ 5% ಪ್ರಕಾರ ಅಷ್ಟು ಕಾಲಕ್ಕೆ ಆಗಬೇಕಿದ್ದದ್ದು 12%. ನಮ್ಮ ಕೆಲಸ ತಡವಾಗಿ ಸರಿಯಾಗಿ ಆ ಏರಿಕೆಯ ಮಧ್ಯಕ್ಕೇ ಬಂದು ಬಿದ್ದಿತ್ತು.

ಸೈಟಿನಲ್ಲಿ ಇದು ಹೇಗೆ ಕಾಣಿಸಿತು ಗೊತ್ತಾ? ಏರಿಕೆ ಷರತ್ತಿದ್ದ ದೊಡ್ಡ ಪ್ಯಾಕೇಜ್ ನಡೆಯುತ್ತಲೇ ಇತ್ತು, ಬಿಲ್ಲು ದೊಡ್ಡದಾಗಿ ಬರುತ್ತಿತ್ತು ಅಷ್ಟೇ. ಸ್ಥಿರ ದರದ ಟ್ಯಾಂಕುಗಳು ನಿಂತವು. ತಳಪಾಯ ಮುಗಿದಿದೆ, ಕಾಲಂ ಕಂಬಿಗಳು ಮೇಲಕ್ಕೆ ನಿಂತು ತುಕ್ಕು ಹಿಡಿಯುತ್ತಿವೆ, ಮುಂದೆ ಕೆಲಸ ಇಲ್ಲ. ಗುತ್ತಿಗೆದಾರ ಮಣ್ಣು ಕೆಲಸ ಇರುವ ಕಡೆ ಮಾತ್ರ ಜನ ಹಾಕುತ್ತಾನೆ, ಸ್ಟೀಲ್ ಜಾಸ್ತಿ ಬೇಕಾದ ಕಡೆ ಹಾಕುವುದಿಲ್ಲ. ಎಲ್ಲಾದರೂ ಇದೇ ಚಿತ್ರ ಕಂಡರೆ ಅದು ಆಲಸ್ಯ ಅಲ್ಲ, ಅವನ ದರ ಮುಳುಗಿದೆ ಅಂತ ಅರ್ಥ. ನೋಟಿಸ್ ಕೊಟ್ಟರು. ಒಂದೆರಡು ಪ್ಯಾಕೇಜ್ ರದ್ದಾಗಿ ಮರುಟೆಂಡರ್ ಆಯಿತು, ಹೊಸ ದರ ಹಳೆಯದಕ್ಕಿಂತ ಬಹಳ ಮೇಲೆ. ಷರತ್ತು ಬಿಟ್ಟು ಉಳಿಸಿದ ಹಣ ಅಲ್ಲಿಯೇ ಹೋಯಿತು, ಜೊತೆಗೆ ಕಾಲವೂ ಹೋಯಿತು.

2022ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ರಫ್ತಿಗೆ ಸುಂಕ ಹಾಕಿತು, ಬೆಲೆ ಇಳಿಯಿತು. 2023ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿತ್ತು. ಸೂತ್ರ ಎರಡೂ ಕಡೆ ಕೆಲಸ ಮಾಡುತ್ತದೆ. I1 ಇಳಿದರೆ ಕೊಡುವ ಏರಿಕೆಯೂ ಇಳಿಯಬೇಕು, I0ಗಿಂತ ಕೆಳಗೆ ಹೋದರೆ ಬಿಲ್ಲಿನಿಂದ ಕಡಿತ ಮಾಡಬೇಕು. ಆದರೂ ಕೆಲವು ಬಿಲ್ಲುಗಳಲ್ಲಿ ಹಿಂದಿನ ತ್ರೈಮಾಸಿಕದ ಅಂಕಿಯನ್ನೇ ಹಾಗೇ ಮುಂದುವರಿಸಿ ಕಳಿಸಿದ್ದರು. ಸೂಚ್ಯಂಕ ಮೊದಲು ತಾತ್ಕಾಲಿಕವಾಗಿ ಬರುತ್ತದೆ, ಆಮೇಲೆ ಅಂತಿಮವಾಗುತ್ತದೆ. ಹಾಗಾಗಿ ಪ್ರತಿ ಬಿಲ್ಲನ್ನೂ ಅಂತಿಮ ಅಂಕಿ ಬಂದ ಮೇಲೆ ಇನ್ನೊಮ್ಮೆ ಲೆಕ್ಕ ಹಾಕಿಸಿದೆವು. ಬೇಸರದ ಕೆಲಸ, ಆದರೆ ಮಾಡಲೇಬೇಕು.

ಇದರ ನಡುವೆ 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿ ಗುತ್ತಿಗೆಯ ಜಿಎಸ್‌ಟಿ 12%ರಿಂದ 18% ಆಯಿತು. ಇದು ಬೆಲೆ ಏರಿಕೆ ಅಲ್ಲ, ಸೂಚ್ಯಂಕದಲ್ಲಿ ಬರುವುದೂ ಇಲ್ಲ. ಬೇರೆ ಸಾಲಿನಲ್ಲೇ ತೋರಿಸಬೇಕು.

ಕೊನೆಗೆ ಪರಿಷ್ಕೃತ ಅಂದಾಜು ಮಾಡುವ ಹೊತ್ತು ಬಂತು. ಇಲ್ಲಿ ಒಂದು ಹಠ ಹಿಡಿದೆ, ಹೆಚ್ಚಾದ ಹಣವನ್ನು ಕಾರಣವಾರು ಒಡೆಯದೆ ಕಡತ ಮೇಲೆ ಹೋಗಬಾರದು ಅಂತ. ಹಾಗೆ ಒಡೆಯದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಮೆಟ್ರೋ ನೋಡಿ. ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ 6,395 ಕೋಟಿ, 2017ರಲ್ಲಿ ಮುಗಿಯುವಾಗ 13,845 ಕೋಟಿ. ಎರಡು ಪಟ್ಟು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೊದಲು ಮಾರ್ಗ ಇದ್ದದ್ದು 33 ಕಿಲೋಮೀಟರ್, ಕಟ್ಟಿದ್ದು 42.3 ಕಿಲೋಮೀಟರ್. ಉದ್ದ ಎಷ್ಟು, ತಡ ಎಷ್ಟು, ಬೆಲೆ ಎಷ್ಟು ಅನ್ನೋದು ಬರೀ ಆ ಎರಡು ಅಂಕಿ ನೋಡಿದರೆ ತಿಳಿಯುವುದಿಲ್ಲ ಅಲ್ವಾ?

ನಮ್ಮದರಲ್ಲಿ ಒಟ್ಟು ಬೆಲೆ ಏರಿಕೆಗೆ ಹೋದದ್ದು ಸುಮಾರು 22 ಕೋಟಿ. ಅದರಲ್ಲಿ 12.25 ಮೊದಲೇ ಇಟ್ಟದ್ದು. 5.35 ತಡದ್ದು. ಉಳಿದ 4.4 ಕೋಟಿ ಬೆಲೆ ನಾವು ಅಂದುಕೊಂಡದ್ದಕ್ಕಿಂತ ಜೋರಾಗಿ ಏರಿದ್ದಕ್ಕೆ. ಹೊಸ ಹಳ್ಳಿಗಳು 3 ಕೋಟಿ, ಜಿಎಸ್‌ಟಿ ಬದಲಾವಣೆ 4 ಕೋಟಿ ಆಸುಪಾಸು. ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಸ್ಟೀಲ್ ಬೆಲೆ. ಹಾಳೆಯಲ್ಲಿ ತಡವೇ ಅದಕ್ಕಿಂತ ದೊಡ್ಡದಾಗಿ ನಿಂತಿತ್ತು. ಇಲ್ಲಿ ಒಂದು ವಿಷಯ ಒಪ್ಪಬೇಕು, ತಡವನ್ನು ಮೊದಲು ಲೆಕ್ಕ ಮಾಡಿ ಉಳಿದದ್ದನ್ನು ಬೆಲೆಗೆ ಹಾಕಿದರೆ ಈ ಅಂಕಿ ಬರುತ್ತದೆ, ತಿರುಗಿಸಿ ಮಾಡಿದರೆ ಪಾಲು ಬದಲಾಗುತ್ತದೆ, ಯಾಕೆಂದರೆ ತಡವಾಗಿದ್ದಕ್ಕೇ ನಾವು ದುಬಾರಿ ವರ್ಷಗಳಿಗೆ ಹೋದದ್ದು. ಯಾವ ಕ್ರಮದಲ್ಲಿ ಮಾಡಿದೆವು ಅನ್ನುವುದನ್ನು ಟಿಪ್ಪಣಿಯಲ್ಲಿ ಬರೆದೇ ಕಳಿಸಿದೆವು. ಹಣಕಾಸು ಇಲಾಖೆ ಅದನ್ನೇ ಮೊದಲು ಕೇಳಿತು.

ಪರಿಷ್ಕೃತ ಮಂಜೂರಾತಿ ಬಂದಾಗ ಉಳಿದ ಏರಿಕೆ ಹಣವನ್ನು ವರ್ಷವಾರು ಬರೆದು ಕೊಟ್ಟರು, ಒಟ್ಟಾಗಿ ಅಲ್ಲ. ಅದರಿಂದ ಬೇರೆ ಕೆಲಸಕ್ಕೆ ತೆಗೆಯಬೇಕಾದರೆ ಮೊದಲು ಹೊಸ ವೇಳಾಪಟ್ಟಿ ಇಟ್ಟು ಏರಿಕೆಯ ಪಟ್ಟಿ ಮತ್ತೆ ಮಾಡಿ ಲಗತ್ತಿಸಬೇಕು ಎಂಬ ಒಂದು ಸಾಲೂ ಅದರಲ್ಲಿತ್ತು. ಆ ಸಾಲನ್ನು ಕರಡಿನಲ್ಲಿ ಬರೆದವರು ಎಇಇ ಸರ್.